ಮಗು ಓದಿದ ಮೇಲೆ ಹತ್ತು ನಿಮಿಷ ಮಾತಾಡಿ

ನಾಲ್ಕನೇ ತರಗತಿ ಮಕ್ಕಳ ಅವ್ವ-ಅಪ್ಪಂದಿರಿಗೆ, ಶರಣು.

ನಿಮ್ಮ ಮಕ್ಕಳು ಈಗ ಚೆನ್ನಾಗಿಯೇ ಓದುತ್ತಾರೆ. ಒತ್ತಕ್ಷರಕ್ಕೂ ಹೆದರುವುದಿಲ್ಲ. ಆದರೆ ಕಥೆ ಮುಗಿದ ಮೇಲೆ 'ಆ ಹುಡುಗಿ ಯಾಕೆ ವಾಪಸ್ ಹೋದಳು?' ಅಂತ ಕೇಳಿದರೆ, ತುಂಬಾ ಮಕ್ಕಳು ಪುಸ್ತಕದಲ್ಲಿ ಯಾವುದೋ ಒಂದು ಸಾಲು ಹುಡುಕಿ ಅದನ್ನೇ ಓದಿಬಿಡುತ್ತಾರೆ. ಉತ್ತರ ಸಾಲಿನಲ್ಲಿ ಇರುವುದಿಲ್ಲ, ಯೋಚಿಸಿ ಹೇಳಬೇಕು. ಅದು ಬರುವುದು ಮಾತಾಡಿ ಮಾತಾಡಿಯೇ. ಇಡೀ ಕ್ಲಾಸ್ ಇರುವಾಗ ಒಬ್ಬೊಬ್ಬರ ಜೊತೆ ಅಷ್ಟು ಹೊತ್ತು ಕೂರಲು ನನಗೆ ಆಗುವುದಿಲ್ಲ. ಮನೆಯಲ್ಲಿ ನಿಮಗೆ ಆಗುತ್ತದೆ.

'ನಮಗೇ ಓದಲು ಬರಲ್ಲ ಟೀಚರ್' ಅಂತ ಕೆಲವರು ಹೇಳುತ್ತೀರಿ. ಬರದಿದ್ದರೂ ನಡೆಯುತ್ತದೆ. ಓದುವುದು ಮಗು, ಕೇಳುವುದು ನೀವು. ರೊಟ್ಟಿ ಬಡಿಯುತ್ತಲೇ ಕೇಳಬಹುದು, ತೊಗರಿ ಹಸನು ಮಾಡುತ್ತಲೂ ಕೇಳಬಹುದು. ಮಾತು ಕನ್ನಡದಲ್ಲೇ ಇರಬೇಕು ಅಂತಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಯಾವುದಿದೆಯೋ ಅದರಲ್ಲೇ ಮಾತಾಡಿ. ಒಂದು ಭಾಷೆಯಲ್ಲಿ ಯೋಚಿಸಲು ಕಲಿತ ಮಗುವಿಗೆ ಇನ್ನೊಂದರಲ್ಲೂ ಅದು ಕೆಲಸಕ್ಕೆ ಬರುತ್ತದೆ.

ಒಂದು ಕಥೆ ಹಿಡಿಯೋಣ. ಸಂತೆಯಲ್ಲಿ ಹುಡುಗನ ಕುರಿಮರಿ ಕಳೆದುಹೋಗುತ್ತದೆ. ಅಲ್ಲೇ ಓದು ನಿಲ್ಲಿಸಿ. 'ಮುಂದೇನಾಗುತ್ತೆ? ನಿನಗೆ ಹಂಗ್ಯಾಕೆ ಅನಿಸ್ತು?' ಅಂತ ಕೇಳಿ. ಈ 'ಯಾಕೆ' ಬಿಡಬೇಡಿ, ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು ಅದೇ. 'ಗೊತ್ತಿಲ್ಲ' ಅಂದರೆ ಬೈಯಬೇಡಿ, ಸ್ವಲ್ಪ ಸುಮ್ನಿರಿ, ಆಮೇಲೆ ನಿಮಗೆ ಅನಿಸಿದ್ದನ್ನು ಹೇಳಿ: 'ನನಗನಿಸ್ತದ, ಅದು ತಾಯಿ ಕೂಗು ಕೇಳಿ ಆ ಕಡೆ ಓಡಿರಬೇಕು.' ಆಗ ಮಗು 'ಇಲ್ಲವ್ವಾ, ತಾಯಿ ಕುರಿ ಮನೆಯಲ್ಲೇ ಇತ್ತಲ್ಲ' ಅಂತ ವಾದ ಮಾಡಿದರೆ ಖುಷಿಪಡಿ. ಹಿಂದೆ ಓದಿದ್ದನ್ನು ನೆನಪಿಟ್ಟು ಜೋಡಿಸುತ್ತಿದೆ ಅಂತ ಅರ್ಥ. 'ನಮ್ಮ ಮರಿ ಹಿಂಗೇ ಕಳೆದಿತ್ತಲ್ಲ, ಆಗ ನಾವೇನು ಮಾಡಿದೆವು?' ಅಂತ ಮನೆಯ ಮಾತಿಗೂ ಎಳೆದು ತನ್ನಿ.

ಗೊತ್ತಿಲ್ಲದ ಪದ ಬಂದರೆ ತಕ್ಷಣ ಅರ್ಥ ಹೇಳಬೇಡಿ. ಮುಂದಿನ ಎರಡು ಸಾಲು ಓದಿಸಿ, ಏನಿರಬಹುದು ಅಂತ ಊಹಿಸಲು ಬಿಡಿ. ಪ್ರತಿ ತಪ್ಪಿಗೂ ತಡೆಯುವುದು ಬೇಡ, ಕಥೆಯ ಎಳೆ ತಪ್ಪಿಹೋಗುತ್ತದೆ. ಕೊನೆಗೆ ಪುಸ್ತಕ ಮುಚ್ಚಿಸಿ, ಕಥೆಯನ್ನು ಅಜ್ಜಿಗೆ ಹೇಳಿಸಿ. ಅಜ್ಜಿ ನಡುನಡುವೆ 'ಆಮೇಲೆ?' ಅಂದರೆ ಸಾಕು. ದಿನಾ ಹತ್ತು ನಿಮಿಷ ಆದರೆ ಆಯಿತು, ಭಾನುವಾರ ಒಂದೇ ದಿನ ಎರಡು ತಾಸು ಕೂರಿಸುವುದು ಬೇಡ. ಪರೀಕ್ಷೆ ಥರ ಅಂತೂ ಕೇಳಲೇಬೇಡಿ.

ಪ್ರತಿ ಶನಿವಾರ ಮಕ್ಕಳ ಕೈಯಲ್ಲಿ ಒಂದೊಂದು ಕಥೆಪುಸ್ತಕ ಕಳಿಸುತ್ತೇನೆ. ಅದೇ ಪುಸ್ತಕ ಮತ್ತೆ ಬೇಕು ಅಂದರೂ ಕೊಡುತ್ತೇನೆ, ಎರಡನೇ ಸಲ ಮಕ್ಕಳು ಹೊಸದೇನೋ ಗಮನಿಸುತ್ತಾರೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಮಕ್ಕಳ ಪುಸ್ತಕ ಕೇಳಿ ನೋಡಿ. ಹಾಳೆ ಹರಿದರೆ ಹೆದರಬೇಡಿ, ಅಂಟಿಸಿಕೊಳ್ಳುತ್ತೇನೆ. ಮುಂದಿನ ಶುಕ್ರವಾರ ಪುಸ್ತಕ ವಾಪಸ್ ಕಳಿಸುವಾಗ ಮಗು ಕೇಳಿದ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆಸಿ ಒಳಗಿಡಿ.

ಇಂತಿ,
ನಾಲ್ಕನೇ ತರಗತಿ ಟೀಚರ್
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ