ನಿಮ್ಮ ಮನೆಗೆ ಬಂದು ಕೇಳಿದ್ದೆವು, ಈಗ ಉತ್ತರ ತಂದಿದ್ದೇವೆ: ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದು

ಮಾನ್ಯರೆ,

ಕಳೆದ ನವೆಂಬರ್‌ನಿಂದ ಜನವರಿವರೆಗೆ ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮೂರು ಗ್ರಾಮ ಪಂಚಾಯಿತಿಗಳಲ್ಲಿ ನಾವು ಮನೆಮನೆಗೆ ಬಂದಿದ್ದೆವು. ಅಡಿಕೆ ಸುಲಿಯುತ್ತಿದ್ದವರು ಕತ್ತಿ ಬದಿಗಿಟ್ಟು ಕೈ ಚಾಚಿದಿರಿ, ರಕ್ತದೊತ್ತಡ ನೋಡಿಸಿಕೊಂಡಿರಿ, ಬೆರಳು ಚುಚ್ಚಿಸಿಕೊಂಡಿರಿ, ಮುಕ್ಕಾಲು ಗಂಟೆ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರಿ. ‘ಬರೆದುಕೊಂಡು ಹೋದವರು ಮತ್ತೆ ಬರುವುದೇ ಇಲ್ಲ’ ಎಂದು ಹಲವು ಮನೆಗಳಲ್ಲಿ ಹೇಳಿದ್ದೀರಿ. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ನೀವು ಕೊಟ್ಟ ಮಾಹಿತಿ ಏನು ಹೇಳುತ್ತದೆ ಎಂಬುದು ಮೊದಲು ನಿಮಗೇ ತಿಳಿಯಬೇಕು, ಅದಕ್ಕಾಗಿ ಈ ಪತ್ರ.

ಒಟ್ಟು 642 ಮಂದಿ ಭಾಗವಹಿಸಿದ್ದೀರಿ, ಎಲ್ಲರೂ 30 ವರ್ಷ ದಾಟಿದವರು. ಹೆಂಗಸರು 391, ಗಂಡಸರು 251.

ಬಿ.ಪಿ. ಬಗ್ಗೆ ಮೊದಲು ಹೇಳಬೇಕು

642 ಜನರಲ್ಲಿ 198 ಮಂದಿಗೆ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿತ್ತು, ಇಲ್ಲವೇ ಅವರು ಆಗಲೇ ಬಿ.ಪಿ. ಮಾತ್ರೆಯಲ್ಲಿದ್ದರು. ಹತ್ತು ಜನರಲ್ಲಿ ಮೂವರು ಎಂದುಕೊಳ್ಳಿ. ಈ ಸಂಖ್ಯೆಗಿಂತಲೂ ನಮ್ಮನ್ನು ಕಾಡಿದ್ದು ಬೇರೆ. 198ರಲ್ಲಿ 112 ಮಂದಿಗೆ ತಮಗೆ ಬಿ.ಪಿ. ಇರುವುದೇ ಗೊತ್ತಿರಲಿಲ್ಲ. ಗೊತ್ತಿದ್ದ 86 ಜನರಲ್ಲಿ ದಿನವೂ ಮಾತ್ರೆ ನುಂಗುತ್ತಿದ್ದವರು 41 ಮಾತ್ರ.

ಉಳಿದವರು ಬಿಟ್ಟದ್ದೇಕೆ? ಅರವತ್ತು ದಾಟಿದ ಅಮ್ಮ ಒಬ್ಬರು ಒಳಗಿನಿಂದ ಡಬ್ಬಿ ತಂದು ತೋರಿಸಿದರು. ಕಾಫಿಪುಡಿಯ ಹಳೇ ಡಬ್ಬಿ, ಅದರಲ್ಲಿ ಒಡೆಯದ ನಾಲ್ಕು ಮಾತ್ರೆ ಪಟ್ಟಿ. ‘ತಲೆ ತಿರುಗೋದು ನಿಂತಿತ್ತು, ಮತ್ತೆಂತಕ್ಕೆ ನುಂಗೋದು ಅಂತ ಬಿಟ್ಟೆ ಮಾರಾಯ್ರೆ’ ಎಂದರು. ಅವತ್ತು ಅವರ ಬಿ.ಪಿ. 178/104 ಇತ್ತು. ಹೆಚ್ಚಿನವರ ಉತ್ತರವೂ ಇದೇ ಧಾಟಿಯದು. ಇನ್ನು ಕೆಲವರದ್ದು ದಾರಿಯ ತೊಂದರೆ: ಮಳೆಗಾಲದಲ್ಲಿ ಬಸ್ಸು ಬರುವುದಿಲ್ಲ, ಮಾತ್ರೆ ಮುಗಿದರೆ ತರುವವರಿಲ್ಲ. ಅದು ಅವರ ತಪ್ಪಲ್ಲ ಎಂದು ನಾವು ವರದಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ.

ತೋಟಕ್ಕೆ ಬೋರ್ಡೋ ಹೊಡೆಯುವ ಪೈಪನ್ನು ನೆನೆಸಿಕೊಳ್ಳಿ. ಒಳಗೆ ಒತ್ತಡ ಜಾಸ್ತಿಯಾದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಪೈಪು ಚೆನ್ನಾಗಿಯೇ ಇರುತ್ತದೆ. ಒಡೆದಾಗಲೇ ಗೊತ್ತಾಗುವುದು. ರಕ್ತನಾಳವೂ ಹಾಗೆಯೇ. ತಲೆನೋವು, ತಲೆಸುತ್ತು ಇಲ್ಲದೆಯೂ ಬಿ.ಪಿ. ಏರಿರಬಹುದು, ವರ್ಷಗಟ್ಟಲೆ ಹಾಗೇ ಬಿಟ್ಟರೆ ಲಕ್ವ, ಹೃದಯಾಘಾತ, ಕಿಡ್ನಿ ತೊಂದರೆ. ಮಾತ್ರೆಯಿಂದ ಬಿ.ಪಿ. ಇಳಿದಿದೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಕಾಯಿಲೆ ಹೋಯಿತು ಎಂದಲ್ಲ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ಮಾತ್ರೆ ಉಚಿತವಾಗಿ ಸಿಗುತ್ತದೆ.

ಒಂದೇ ದಿನ ಹೆಚ್ಚು ಬಂದರೆ ಬಿ.ಪಿ. ಇದೆ ಎಂದು ತೀರ್ಮಾನಿಸಲಾಗದು. ಗುಡ್ಡ ಹತ್ತಿ ಬಂದ ಕೂಡಲೇ ನೋಡಿದರೂ ಏರಿರುತ್ತದೆ. ಅದಕ್ಕೇ ನಿಮ್ಮನ್ನು ಕೂರಿಸಿ, ಐದು ನಿಮಿಷ ಬಿಟ್ಟು ಎರಡು ಸಲ ನೋಡಿದ್ದು. ಹೆಚ್ಚು ಬಂದವರು ಇನ್ನೊಂದು ದಿನ ಮತ್ತೆ ನೋಡಿಸಲೇಬೇಕು.

ಉಪ್ಪನ್ನು ನಾವು ಅಳೆಯಲಿಲ್ಲ, ಕೇಳಿ ತಿಳಿದದ್ದಷ್ಟೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾವಿನ ಮಿಡಿ, ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಎಲ್ಲ ಸೇರಿದರೆ ಅಷ್ಟು ಒಂದೇ ಊಟದಲ್ಲಿ ಮುಗಿಯಬಹುದು. ಮಿಡಿ ಬಿಟ್ಟುಬಿಡಿ ಎಂದು ಮಲೆನಾಡಿನಲ್ಲಿ ಹೇಳುವ ಧೈರ್ಯ ನಮಗಿಲ್ಲ. ಮೂರು ಹೊತ್ತಿನದು ಒಂದು ಹೊತ್ತಿಗೆ ಇಳಿದರೂ ಪ್ರಯೋಜನವಿದೆ.

ಹೆಂಗಸರಲ್ಲಿ ರಕ್ತ ಕಡಿಮೆ

ಬೆರಳು ಚುಚ್ಚಿ ನೋಡಿದ 362 ಹೆಂಗಸರಲ್ಲಿ 167 ಮಂದಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇತ್ತು. ‘ಸುಸ್ತು ಎಲ್ಲರಿಗೂ ಇದ್ದದ್ದೇ’ ಎಂದು ಬಹಳ ಜನ ಹೇಳಿದಿರಿ. ಇದ್ದದ್ದೇ ಅಲ್ಲ. ಏದುಸಿರು, ಕಾಲು ಸೋಲುವುದು, ಎದೆ ಹೊಡೆದುಕೊಳ್ಳುವುದು ರಕ್ತ ಕಡಿಮೆಯಾದ ಗುರುತುಗಳಾಗಿರಬಹುದು. ಕಾರಣ ಒಂದೇ ಅಲ್ಲ: ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವುದು, ಬರಿಗಾಲಿನಲ್ಲಿ ತೋಟಕ್ಕೆ ಹೋದಾಗ ಅಂಗಾಲಿನಿಂದ ಹೊಕ್ಕುವ ಕೊಕ್ಕೆಹುಳು. ಕಬ್ಬಿಣದ ಮಾತ್ರೆಯನ್ನು ಚಹಾ ಕಾಫಿ ಜೊತೆ ನುಂಗಬೇಡಿ, ಊಟವಾದ ಕೂಡಲೇ ಚಹಾ ಕುಡಿಯಬೇಡಿ. ಚಹಾ ಕಬ್ಬಿಣದ ಅಂಶ ಮೈಗೆ ಸೇರದಂತೆ ತಡೆಯುತ್ತದೆ. ಹರಿವೆ, ನುಗ್ಗೆ ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿದರೆ ಒಳ್ಳೆಯದು.

ಕವಳ

ಅಡಿಕೆಯಿಂದಲೇ ಮನೆ ನಡೆಯುವ ಊರಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ಮುಚ್ಚಿಡುವುದು ತಪ್ಪಾಗುತ್ತದೆ. 23 ಮಂದಿಗೆ ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಲು ಆಗಲಿಲ್ಲ. ತಂಬಾಕು ಇಲ್ಲದ ಬರೀ ಅಡಿಕೆ ಅಗಿಯುವುದರಿಂದಲೂ ಬಾಯಿಯ ಒಳಪದರ ಗಟ್ಟಿಯಾಗುತ್ತದೆ. ಅಡಿಕೆ ಅಗಿಯುವುದು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೂ ಹೇಳಿದೆ. ಖಾರ ತಿಂದರೆ ಉರಿ, ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ದಂತವೈದ್ಯರಿಗೆ ತೋರಿಸಿ. ಆ 23 ಮಂದಿಗೆ ಆಸ್ಪತ್ರೆಗೆ ಚೀಟಿ ಕೊಟ್ಟಿದ್ದೇವೆ. ಹೋಗದವರು ದಯವಿಟ್ಟು ಹೋಗಿ.

ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು, ನಿಮಗೆ ನಾವು ಪರಿಚಯಿಸಬೇಕಿಲ್ಲ. ಸೊಪ್ಪು, ದರಗು, ಸೌದೆಗೆ ಕಾಡಿಗೆ ಹೋಗುವ ಮನೆಗಳಲ್ಲಿ ಡೀಪಾ ಎಣ್ಣೆ ಇದೆ, ಬಾಟಲಿ ಮಾತ್ರ ತುಂಬಿಯೇ ಇದೆ. ‘ಜಿಡ್ಡು’ ಎಂದಿರಿ. ಜಿಡ್ಡಾದರೂ ಹಚ್ಚಿ. ಬಂದ ಮೇಲೆ ಬಿಸಿನೀರು, ಸೋಪು ಹಾಕಿ ಮೀಯಿರಿ, ಬಟ್ಟೆ ಒಗೆಯಿರಿ, ಮೈಮೇಲೆ ಉಣುಗು ಇದೆಯಾ ನೋಡಿ. ಲಸಿಕೆ ಯಾಕೆ ಕೊಡುತ್ತಿಲ್ಲ ಎಂದು ಬಹಳ ಜನ ಕೇಳಿದ್ದಿರಿ: ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದ ಕಾರಣ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಬೇಸಿಗೆ ಮುಗಿಯುವವರೆಗೆ ದಿಢೀರ್ ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ನಮ್ಮ ಲೆಕ್ಕದಲ್ಲಿ ಇರುವ ಕೊರತೆ

ನಾವು ಬಂದದ್ದು ಕೊಯ್ಲಿನ ಹೊತ್ತಿನಲ್ಲಿ, ಅದೂ ಹಗಲಿನಲ್ಲಿ. ಗಂಡಸರು, ಕೂಲಿಗೆ ಹೋಗುವ ಹೆಂಗಸರು ಮನೆಯಲ್ಲಿ ಸಿಗಲಿಲ್ಲ. ಹಾಗಾಗಿ ಕವಳದ ಅಂಕಿ ನಿಜಕ್ಕೂ ಇನ್ನೂ ಹೆಚ್ಚಿರಬಹುದು. ಎರಡನೇ ವಾರ ಒಂದು ಬಿ.ಪಿ. ಯಂತ್ರ ತಪ್ಪು ತೋರಿಸುತ್ತಿರುವುದು ಗೊತ್ತಾಯಿತು. ಅದರಲ್ಲಿ ನೋಡಿದ 38 ಜನರ ಮನೆಗೆ ಮತ್ತೆ ಹೋಗಿ ಬೇರೆ ಯಂತ್ರದಲ್ಲಿ ನೋಡಿದೆವು, ಹಳೆಯ ಅಂಕಿ ತೆಗೆದುಹಾಕಿದೆವು. ಎರಡೆರಡು ಸಲ ತೊಂದರೆ ಕೊಟ್ಟದ್ದಕ್ಕೆ ಅವರೆಲ್ಲರ ಕ್ಷಮೆ ಕೇಳುತ್ತೇವೆ.

ನಿಮ್ಮ ಹೆಸರು ವರದಿಯಲ್ಲಿ ಎಲ್ಲೂ ಇಲ್ಲ. ಪಂಚಾಯಿತಿಗೆ ಕೊಟ್ಟದ್ದು ಒಟ್ಟು ಲೆಕ್ಕ ಮಾತ್ರ, ಜೊತೆಗೆ ಒಂದು ಬೇಡಿಕೆ: ಮಳೆಗಾಲದ ನಾಲ್ಕು ತಿಂಗಳು ಮಾತ್ರೆಗಳು ಉಪಕೇಂದ್ರದಲ್ಲೇ ಸಿಗುವಂತೆ ಮಾಡಬೇಕು. ನಿಮ್ಮ ಸ್ವಂತ ಫಲಿತಾಂಶ ಈ ಪತ್ರದ ಜೊತೆ ಅಂಟಿಸಿದ ಲಕೋಟೆಯಲ್ಲಿದೆ. ಓದಲು ಬಾರದವರಿಗೆ, ಅವರು ಒಪ್ಪಿದರೆ ಮಾತ್ರ, ಆಶಾ ಕಾರ್ಯಕರ್ತೆ ಓದಿ ಹೇಳುತ್ತಾರೆ.

ಬರುವ ಭಾನುವಾರ ಬೆಳಿಗ್ಗೆ 10ಕ್ಕೆ ಮೂರೂ ಪಂಚಾಯಿತಿಗಳ ಸರ್ಕಾರಿ ಶಾಲೆಗಳಲ್ಲಿ ನಾವು ಇರುತ್ತೇವೆ. ಬಿ.ಪಿ. ಮತ್ತೆ ನೋಡುತ್ತೇವೆ. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆಗಳಿದ್ದರೆ ಹಾಗೆಯೇ ತನ್ನಿ; ಯಾರೂ ಬೈಯುವುದಿಲ್ಲ.

ಇಂತಿ,
ಸಮೀಕ್ಷಾ ತಂಡದವರು