ಕ್ಲರ್ಕ್ ಹುದ್ದೆಗೆ ರಾಜೀನಾಮೆ

ಮುಳ್ಳೇರಿಯ
16 ಜೂನ್ 2025

ಶಾಖಾ ವ್ಯವಸ್ಥಾಪಕರಿಗೆ,
ಮುಳ್ಳೇರಿಯ ಶಾಖೆ,
ಕಾಸರಗೋಡು ಜಿಲ್ಲೆ

ವಿಷಯ: 15 ಜುಲೈ 2025ರ ಸಂಜೆಗೆ ಕೆಲಸದಿಂದ ಬಿಡುಗಡೆ ಕೋರಿ

ಮಾನ್ಯ ಮೇಡಂ,

ನಮ್ಮ ಶಾಖೆಯ ಕ್ಲರ್ಕ್ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ನನ್ನ ನೇಮಕಾತಿ ಆದೇಶದಲ್ಲಿ ಒಂದು ತಿಂಗಳ ನೋಟಿಸ್ ಎಂದಿದೆ. ಇವತ್ತಿನಿಂದ ಲೆಕ್ಕ ಹಾಕಿದರೆ ಜುಲೈ 15, ಮಂಗಳವಾರ ನನ್ನ ಕೊನೆಯ ದಿನ. ದಯವಿಟ್ಟು ಅಂದು ಸಂಜೆ ಬಿಡುಗಡೆ ಮಾಡಬೇಕು.

ಇಷ್ಟನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಎಚ್‌ಆರ್ ಪೋರ್ಟಲ್‌ಗೆ ಹಾಕಿ ಆಗಿದೆ. ಅಲ್ಲಿ ಕಾರಣ ಆರಿಸಲು ಒಂದು ಪಟ್ಟಿ ಕೊಡುತ್ತಾರೆ. ನಾನು `Higher Studies` ಒತ್ತಿದೆ. ಆದರೆ ಶುಕ್ರವಾರ ಕ್ಯಾಶ್ ಮುಚ್ಚಿದ ಮೇಲೆ ನೀವು, "ಐದೂವರೆ ವರ್ಷ ದುಡಿದವಳು ಒಂದು ಬಟನ್ ಒತ್ತಿ ಹೋಗುವುದಾ? ಸರಿಯಾಗಿ ಬರೆದು ಕೊಡು, ಕನ್ನಡದಲ್ಲೇ ಬರಿ" ಎಂದಿರಿ. ಹಾಗಾಗಿ ಈ ಉದ್ದದ ಪತ್ರ.

ಮಂಗಳೂರಿನ ಒಂದು ಕಾಲೇಜಿನಲ್ಲಿ ಡೇಟಾ ಸೈನ್ಸ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಎರಡು ವರ್ಷದ ಕೋರ್ಸ್, ಪೂರ್ತಿ ಹಗಲು ಹೊತ್ತಿನದು. ಆಗಸ್ಟ್ ಮೊದಲ ವಾರ ತರಗತಿ ಶುರು. ಬೇರೆ ಬ್ಯಾಂಕಿಗೆ ಹೋಗುತ್ತಿಲ್ಲ, ಮದುವೆಯೂ ಇಲ್ಲ. ಎರಡನೆಯದನ್ನು ಬರೆಯಬೇಕಾಗಿರಲಿಲ್ಲ, ಆದರೆ ಪಾಸ್‌ಬುಕ್ ಕೌಂಟರಿನ ಹತ್ತಿರ ಆಗಲೇ ಆ ಸುದ್ದಿ ಹಬ್ಬಿದೆ.

ಇದರ ಬೀಜ ಬಿದ್ದದ್ದು 2020ರ ಏಪ್ರಿಲ್‌ನಲ್ಲಿ. ನೀವಾಗ ಇಲ್ಲಿಗೆ ಬಂದಿರಲಿಲ್ಲ. ನಾನು ಸೇರಿ ಐದು ತಿಂಗಳಾಗಿತ್ತು, ಪ್ರೊಬೇಷನ್ ಕೂಡ ಮುಗಿದಿರಲಿಲ್ಲ. ಲಾಕ್‌ಡೌನ್. ಕರ್ನಾಟಕದ ಕಡೆಗೆ ಹೋಗುವ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿದ್ದರು. ಜನಧನ ಖಾತೆಯ ಹೆಂಗಸರಿಗೆ ತಲಾ 500 ರೂಪಾಯಿ ಬಂತು. ಎಲ್ಲರೂ ಒಂದೇ ದಿನ ಬಂದುಬಿಟ್ಟರೆ ಗತಿಯೇನು ಅಂತ ಖಾತೆ ನಂಬರಿನ ಕೊನೆಯ ಅಂಕೆ ನೋಡಿ ದಿನ ಹಂಚಿದ್ದರು. 0 ಮತ್ತು 1 ಇದ್ದವರಿಗೆ ಏಪ್ರಿಲ್ 3, 2 ಮತ್ತು 3 ಇದ್ದವರಿಗೆ ಏಪ್ರಿಲ್ 4, ಹೀಗೆ ಐದು ದಿನ. ನಾನು ಬಾಗಿಲಲ್ಲಿ ಮಾಸ್ಕ್ ಹಾಕಿ ನಿಂತು ಪಾಸ್‌ಬುಕ್ ನೋಡಿ ಒಳಗೆ ಬಿಡುತ್ತಿದ್ದೆ. ಸುಮ್ನೆ ಹೊತ್ತು ಹೋಗಲು ತಲೆ ಎಣಿಸುತ್ತಿದ್ದೆ. ಐದೂ ದಿನ ಸಾಲು ಹೆಚ್ಚು ಕಡಿಮೆ ಒಂದೇ ಉದ್ದ ಇತ್ತು!

ಊರು ಕೇಳಲಿಲ್ಲ, ವಯಸ್ಸು ಕೇಳಲಿಲ್ಲ, ಒಂದೇ ಒಂದು ಅಂಕೆ ಇಡೀ ಗುಂಪನ್ನು ಐದು ಸಮಪಾಲು ಮಾಡಿಬಿಟ್ಟಿತು. ಅದೇ ಮೊದಲ ಅಂಕೆ ನೋಡಿ ಹಂಚಿದ್ದರೆ? ನಮ್ಮ ಶಾಖೆಯ ಖಾತೆಗಳೆಲ್ಲ ಶುರುವಾಗುವುದೇ ಒಂದೇ ಅಂಕೆಗಳಿಂದ. ಎಲ್ಲರೂ ಒಂದೇ ದಿನ ಬಾಗಿಲಿಗೆ ಬರುತ್ತಿದ್ದರು. ಈ ಉಪಾಯ ಯಾರಿಗೆ ಹೊಳೆಯಿತೋ, ಅವರಿಗೆ ನಂಬರಿನ ಸ್ವಭಾವ ಗೊತ್ತಿತ್ತು. ನನಗೂ ಅದು ಗೊತ್ತಾಗಬೇಕು ಅನ್ನಿಸಿತು. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಗಣಿತ ಓದುವಾಗಲೂ ಹಾಗೆ ಅನ್ನಿಸಿರಲಿಲ್ಲ.

ಇನ್ನೊಂದು ಕಾರಣ ನಿಮ್ಮ ಎದುರೇ ಆದದ್ದು. ಹಿಂದಿನ ಮಳೆಗಾಲದಲ್ಲಿ ಒಬ್ಬ ಅಜ್ಜ ಒಂದೇ ಕೆಲಸಕ್ಕೆ ನಾಲ್ಕು ಸಲ ಬಂದರಲ್ಲ, ನೆನಪುಂಟಾ? ಹೆಸರು ಬದಲಿಸಿ ಬರೆಯುತ್ತೇನೆ, ಗ್ರಾಹಕರ ಗುಟ್ಟು ಈ ಪತ್ರದಲ್ಲೂ ಗುಟ್ಟೇ. ಅವರನ್ನು ಶಂಕರ ಎನ್ನೋಣ. ಉಳಿತಾಯ ಖಾತೆಯಲ್ಲಿ `Sankara`, ಠೇವಣಿಯಲ್ಲಿ `Shankara`, ಆಧಾರಿನಲ್ಲಿ `Shankar`. ಖಾತೆ ತೆರೆದವರು ಮಲಯಾಳದ ರೂಢಿಯಲ್ಲಿ ಬರೆದರು, ಠೇವಣಿ ಮಾಡಿಸಿದವರು ನಮ್ಮ ರೂಢಿಯಲ್ಲಿ ಬರೆದರು, ಆಧಾರ್ ಕೇಂದ್ರದ ಹುಡುಗ ಅವನಿಗೆ ಕೇಳಿಸಿದ ಹಾಗೆ ಬರೆದ. ಯಾರದ್ದೂ ತಪ್ಪಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕಾಗದದಲ್ಲಿ ಇಂಗ್ಲಿಷ್ ಇರುವ ಊರು ಇದು. ಆದರೆ ಕಂಪ್ಯೂಟರಿಗೆ ಅವರು ಮೂರು ಜನ. ಎರಡು ಕಸ್ಟಮರ್ ಐಡಿ, ಹೊಂದದ ಆಧಾರ್, ನಿಂತುಹೋದ ಪೆನ್ಷನ್. ನಾಲ್ಕನೇ ಸಲ ಒದ್ದೆ ಕೊಡೆಯನ್ನು ಕೌಂಟರಿಗೆ ಒರಗಿಸಿ ಅವರು ಕೇಳಿದರು: "ನಾನು ನಾನೇ ಅಂತ ಹೇಳಲಿಕ್ಕೆ ಇನ್ನು ಯಾರನ್ನು ಕರಕೊಂಡು ಬರಬೇಕು ಮಗಾ?"

ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದಾಗ ಎಡಿಟ್ ಡಿಸ್ಟೆನ್ಸ್ ಅನ್ನುವುದೊಂದು ಸಿಕ್ಕಿತು. ಲೆವೆನ್‌ಸ್ಟೈನ್ ಎಂಬ ರಷ್ಯದ ಗಣಿತಜ್ಞ 1965ರಲ್ಲಿ ಹೇಳಿದ್ದು. ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವುದು, ಅಷ್ಟೇ. `Sankara`ಗೆ ಒಂದು `h` ಸೇರಿಸಿದರೆ `Shankara`. ದೂರ 1. ಅಬ್ಬಾ, ಮುಗಿಯಿತು, ದೂರ 1 ಇದ್ದವರೆಲ್ಲ ಒಬ್ಬರೇ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಬಸ್ಸಿನಲ್ಲಿ ನೆನಪಾಯಿತು, ಅಜ್ಜನಿಗೆ ಒಬ್ಬಳು ತಂಗಿ ಇದ್ದಾರೆ. ಶಂಕರಿ. `Sankara`ದ ಕೊನೆಯ `a` ತೆಗೆದು `i` ಹಾಕಿದರೆ `Sankari`. ಅದೂ ದೂರ 1! ಒಂದೇ ಮನೆ, ಒಂದೇ ಇನಿಶಿಯಲ್, ಒಂದೇ ಅಪ್ಪನ ಹೆಸರು. ನನ್ನ ಸೂತ್ರದಂತೆ ಹೋಗಿದ್ದರೆ ಅಣ್ಣನ ಠೇವಣಿ ತಂಗಿಯ ಖಾತೆಗೆ ಸೇರಿ ದೊಡ್ಡ ರಂಪ ಆಗುತ್ತಿತ್ತು. ನಮ್ಮ ಕಡೆ `h` ಇದ್ದರೂ ಇಲ್ಲದಿದ್ದರೂ ಹೆಸರು ಅದೇ, ಆದರೆ ಕೊನೆಯ `a` `i` ಆದರೆ ಆಳೇ ಬೇರೆ. ಕೌಂಟರಿನಲ್ಲಿ ಕೂತವರಿಗೆ ಇದು ಯೋಚನೆ ಮಾಡದೆಯೇ ಗೊತ್ತು. ಕಂಪ್ಯೂಟರಿಗೆ ಅದನ್ನು ಕಲಿಸುವುದು ಹೇಗೆ? ಯಾವ ಅಕ್ಷರದ ಬದಲಾವಣೆಗೆ ಎಷ್ಟು ತೂಕ? ಎಷ್ಟು ಖಾತ್ರಿಯಾದರೆ ಸೇರಿಸಬಹುದು, ಎಷ್ಟಕ್ಕಿಂತ ಕಡಿಮೆಯಾದರೆ ಮನುಷ್ಯರ ಹತ್ತಿರ ಕೇಳಬೇಕು? ಇದನ್ನು ಕಲಿಯಲು ಹೋಗುತ್ತಿದ್ದೇನೆ ಮೇಡಂ. ಕೃತಕ ಬುದ್ಧಿ, ಲಕ್ಷದ ಸಂಬಳ ಎಂದೆಲ್ಲ ಊರಲ್ಲಿ ಹೇಳುತ್ತಾರೆ. ಸಂಬಳ ಬಂದರೆ ಬೇಡ ಅನ್ನುವುದಿಲ್ಲ.

ಕೆಲಸದಲ್ಲಿ ಇದ್ದುಕೊಂಡೇ ಕಲಿಯಬಹುದಲ್ವಾ ಎಂದು ನೀವು ಕೇಳಿದಿರಿ. ಎರಡು ವರ್ಷ ಪ್ರಯತ್ನ ಮಾಡಿದೆ. ಡೇ ಎಂಡ್ ಮುಗಿಸಿ ಮನೆ ಸೇರುವಾಗ ಏಳೂವರೆ. ಊಟ ಮಾಡಿ ಲ್ಯಾಪ್‌ಟಾಪ್ ತೆರೆದರೆ ಮಳೆಗಾಲದಲ್ಲಿ ಕರೆಂಟ್ ಇಲ್ಲ, ಬೇಸಗೆಯಲ್ಲಿ ನೆಟ್‌ವರ್ಕ್ ಇಲ್ಲ. ಆದರೂ ಪೈಥಾನ್ ಮತ್ತು ಎಸ್‌ಕ್ಯೂಎಲ್ ಸುಮಾರಾಗಿ ಬಂತು. ಅಭ್ಯಾಸಕ್ಕೆಂದು ನಿಮ್ಮ ಅನುಮತಿ ಪಡೆದು ಶಾಖೆಯ ದಿನದಿನದ ಟೋಕನ್ ಸಂಖ್ಯೆ ಬರೆದಿಟ್ಟಿದ್ದೆನಲ್ಲ, ಅದರ ಸರಾಸರಿ 140 ಬಂತು. ಖುಷಿಯಾಯಿತು. ಆಮೇಲೆ ನೋಡಿದರೆ 140 ಜನ ಬಂದ ದಿನವೇ ಇಲ್ಲ. ಸಾಮಾನ್ಯ ದಿನ ನೂರರ ಒಳಗೆ. ಪೆನ್ಷನ್ ಬಂದ ದಿನ, ಅಡಿಕೆ ಮಾರಿದ ವಾರ ಇನ್ನೂರರ ಮೇಲೆ. ಎರಡು ಬೇರೆ ಬೇರೆ ಗುಂಪನ್ನು ಕೂಡಿಸಿ ಭಾಗಿಸಿದರೆ ಬಂದದ್ದು ಯಾವ ದಿನವೂ ಅಲ್ಲದ ಒಂದು ದಿನ. ನೀವು ಶಿರಸಿಯವರು, ಅಡಿಕೆ ಕಾಲ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿಂದ ಮುಂದೆ ಸಂಭವನೀಯತೆಯ ಗಣಿತ ಬೇಕು. ಅದರಲ್ಲಿ ಮೂರು ಸಲ ಶುರು ಮಾಡಿ ಮೂರು ಸಲವೂ ಮೂರನೇ ಪಾಠದಲ್ಲೇ ನಿದ್ದೆ ಹೋದೆ. ಹಗಲು ಹೊತ್ತಿನ ತಲೆ ಬೇಕಾದ ವಿಷಯ ಅದು.

ದೂರು ಹೇಳಲಿಕ್ಕೆ ಬರೆದ ಪತ್ರ ಅಲ್ಲ ಇದು. ಆದರೂ ಒಂದು ಮಾತು. ನಗದು ಕಟ್ಟುವ ಚಲನ್‌ನಲ್ಲಿ ಕನ್ನಡ ಇಲ್ಲ. ದಿನಕ್ಕೆ ಕಡಿಮೆಯೆಂದರೆ ಇಪ್ಪತ್ತು ಜನರಿಗೆ ನಾನೇ ಬರೆದು ಕೊಡುತ್ತಿದ್ದೆ. ಜುಲೈ 16ರಿಂದ ಅದನ್ನು ಯಾರು ಬರೆಯುತ್ತಾರೆ ಎಂದು ಯೋಚನೆ ಆಗುತ್ತದೆ. ಮೇಲಿನವರಿಗೆ ನೀವು ಮತ್ತೊಮ್ಮೆ ಬರೆದರೆ ಒಳ್ಳೆಯದು. ಅಲ್ಲಿವರೆಗೆ, ತುಂಬಿಸಿದ ಒಂದು ಮಾದರಿ ಚಲನ್‌ನ ಪಕ್ಕದಲ್ಲಿ ಕನ್ನಡದಲ್ಲಿ ಬರೆದು ಗಾಜಿನ ಕೆಳಗೆ ಇಡುತ್ತೇನೆ.

ಇನ್ನು ಲೆಕ್ಕದ ವಿಷಯ. ಸಿಬ್ಬಂದಿ ಸ್ಕೂಟರ್ ಸಾಲದಲ್ಲಿ 21,400 ರೂಪಾಯಿ ಬಾಕಿ ಉಂಟು. ಜೂನ್ ಸಂಬಳ ಬಂದ ಕೂಡಲೇ ಪೂರ್ತಿ ಕಟ್ಟುತ್ತೇನೆ. ಸೇವೆ ಐದು ವರ್ಷ ದಾಟಿದೆ, ಹಾಗಾಗಿ ಗ್ರಾಚ್ಯುಟಿಯ ಅರ್ಜಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಎನ್‌ಪಿಎಸ್ ಖಾತೆ ಮುಚ್ಚುವುದಿಲ್ಲ, ಅದೇ ನಂಬರಿನಲ್ಲಿ ಮುಂದುವರಿಸುತ್ತೇನೆ. ಉಳಿದ ರಜೆಯ ಹಣ ನಿಯಮದಲ್ಲಿ ಇದ್ದ ಹಾಗೆ. ನೋ ಡ್ಯೂಸ್ ಮತ್ತು ಸೇವಾ ಪ್ರಮಾಣಪತ್ರ ಜುಲೈ ಕೊನೆಯೊಳಗೆ ಸಿಕ್ಕಿದರೆ ಉಪಕಾರ. ಕಾಲೇಜಿನವರು ಬಿಡುಗಡೆ ಪತ್ರ ಕೇಳಿದ್ದಾರೆ.

ಕ್ಯಾಶ್ ಕೌಂಟರನ್ನು ಹೊಸಬರಿಗೆ ಜುಲೈ 1ರಿಂದಲೇ ಕೊಟ್ಟರೆ ಎರಡು ವಾರ ಪಕ್ಕದಲ್ಲಿ ಕೂತು ಹೇಳಿಕೊಡಬಹುದು. ನನಗೆ ಹಾಗೆ ಹೇಳಿಕೊಡುವವರು ಇರಲಿಲ್ಲ. ಮೊದಲ ತಿಂಗಳಲ್ಲೇ ನೂರರ ಕಟ್ಟಿಗೆ ಬದಲು ಇನ್ನೂರರ ಕಟ್ಟು ಕೊಟ್ಟು, ಕಡಿಮೆ ಬಿದ್ದ ಹತ್ತು ಸಾವಿರವನ್ನು ಕೈಯಿಂದ ಹಾಕಿದವಳು ನಾನು. ತಗೊಂಡವರು ಮೂರನೇ ದಿನ ತಂದುಕೊಟ್ಟರು, ಅದು ಈ ಊರಿನ ಗುಣ. ನಾಮಿನೇಷನ್ ಬಾಕಿ ಇರುವ ಖಾತೆಗಳ ಫಾರಂ ಹಸಿರು ಫೈಲಿನಲ್ಲಿ ಉಂಟು, ಮೂವತ್ತೆಂಟು. ಹೆಸರಿನ ಕಾಗುಣಿತ ಹೊಂದದೆ ನಿಂತ ಅರ್ಜಿಗಳು ಕೆಂಪು ಫೈಲಿನಲ್ಲಿ. ಅದನ್ನು ಕೊನೆಯ ದಿನದೊಳಗೆ ಆದಷ್ಟು ಖಾಲಿ ಮಾಡುತ್ತೇನೆ. ಟೋಕನ್ ಸಂಖ್ಯೆಯ ಪುಸ್ತಕವನ್ನೂ ಶಾಖೆಗೇ ಬಿಟ್ಟು ಹೋಗುತ್ತೇನೆ. ಗ್ರಾಹಕರ ಯಾವ ಮಾಹಿತಿಯೂ ನನ್ನ ಮೊಬೈಲಿನಲ್ಲಾಗಲೀ ಲ್ಯಾಪ್‌ಟಾಪಿನಲ್ಲಾಗಲೀ ಇಲ್ಲ, ನಕಲು ಮಾಡಿಯೂ ಇಲ್ಲ. ಕೊನೆಯ ದಿನ ನನ್ನ ಯೂಸರ್ ಐಡಿ ಮುಚ್ಚಿದ್ದನ್ನು ನನ್ನ ಎದುರೇ ಖಚಿತ ಮಾಡಿಕೊಳ್ಳಿ.

ಅಮ್ಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. "ಬ್ಯಾಂಕಿನ ಕೆಲಸ ಬಿಡುವವರು ಉಂಟಾ ಮಾರಾಯ್ತಿ?" ಎಂದು ದಿನಕ್ಕೊಂದು ಸಲ ಕೇಳುತ್ತಾರೆ. ಅಪ್ಪ ಮಾತ್ರ ಎರಡು ವರ್ಷದ ಫೀಸು ಎಷ್ಟೆಂದು ಕೇಳಿ, ತೋಟದ ಲೆಕ್ಕದ ಪುಸ್ತಕ ತೆಗೆದು ಏನೋ ಬರೆದುಕೊಂಡರು. ನೀವು ಆ ಶುಕ್ರವಾರ ಬೈಯಬಹುದು ಅಂದುಕೊಂಡಿದ್ದೆ. ನೀವು ಚಹಾ ತರಿಸಿದಿರಿ. ಅದಕ್ಕೆ, ಮತ್ತು ಜೆಎಐಐಬಿ ಪರೀಕ್ಷೆಯ ಸಮಯದಲ್ಲಿ ಕೊಟ್ಟ ರಜೆಗೆ, ಧನ್ಯವಾದ.

ರಾಜೀನಾಮೆಯನ್ನು ಒಪ್ಪಿಕೊಂಡು ಪ್ರಾದೇಶಿಕ ಕಚೇರಿಗೆ ಕಳಿಸಿಕೊಡಬೇಕಾಗಿ ವಿನಂತಿ.

ನಿಮ್ಮ ವಿಶ್ವಾಸಿ,

ಶುಭಲಕ್ಷ್ಮಿ ಕೆ.
ಕ್ಲರ್ಕ್ (ದಾಖಲೆಯಲ್ಲಿ ಕಸ್ಟಮರ್ ಸರ್ವಿಸ್ ಅಸೋಸಿಯೇಟ್)

ಮರೆತ ಮಾತು: ಸರ್ವಿಸ್ ಪುಸ್ತಕದಲ್ಲಿ ನನ್ನ ಹೆಸರು `Shubhalakshmi`, ಎನ್‌ಪಿಎಸ್‌ನಲ್ಲಿ `Subhalakshmi`. ಬಿಡುಗಡೆ ಪತ್ರ ಬರೆಯುವಾಗ ದಯವಿಟ್ಟು `h` ಹಾಕಿಸಿ. ಎನ್‌ಪಿಎಸ್‌ನದ್ದನ್ನು ನಾನೇ ಅರ್ಜಿ ಕೊಟ್ಟು ಸರಿ ಮಾಡಿಸಿಕೊಳ್ಳುತ್ತೇನೆ.