ದಸರಾ–ದೀಪಾವಳಿ 2026: ಕಂಪನಿ ಉಡುಗೊರೆಗೆ ಕಸೂತಿ ಮಾರಾಟ ಯೋಜನೆ, ಧಾರವಾಡ ಘಟಕ

ಎಷ್ಟು ಮಾರಬಹುದು

ಮೊದಲ ಲೆಕ್ಕ ಕೈಕೆಲಸದ ತಾಸುಗಳದ್ದು. ಕಸೂತಿ ಹಾಕುವವರು 14 ಮಂದಿ. ದಿನಕ್ಕೆ 4 ತಾಸು, ತಿಂಗಳಿಗೆ 24 ದಿನ ಹಿಡಿದರೆ ಆಗಸ್ಟ್ 1ರಿಂದ ಅಕ್ಟೋಬರ್ 15ರ ಎರಡೂವರೆ ತಿಂಗಳಿಗೆ 3,360 ತಾಸು. ಇದರಲ್ಲಿ ಐದನೇ ಒಂದು ಪಾಲು ಕೈಬಿಡಬೇಕು. ಆಗಸ್ಟ್ 17ಕ್ಕೆ ನಾಗರ ಪಂಚಮಿ, ಹಲವರು ತವರಿಗೆ ಹೋಗುತ್ತಾರೆ. ಸೆಪ್ಟೆಂಬರ್ 14ಕ್ಕೆ ಗಣೇಶ ಚವತಿ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಎಳೆ ತಪ್ಪಿ ಬಿಚ್ಚಿ ಹಾಕುವುದೂ ಇದ್ದದ್ದೇ. ಉಳಿಯುವುದು 2,688 ತಾಸು.

ಡೈರಿ ಕವರ್ (ಸಣ್ಣ ಗೋಪುರ): ತಲಾ 2 ತಾಸು, 700 ನಗ, ಬೆಲೆ ₹450
ತುಳಸಿ ವೃಂದಾವನದ ಫ್ರೇಮು: ತಲಾ 9 ತಾಸು, 100 ನಗ, ಬೆಲೆ ₹1,450
ಪೊಟ್ಲಿ ಚೀಲ: ತಲಾ 1 ತಾಸು, 300 ನಗ, ಬೆಲೆ ₹190

ಒಟ್ಟು 2,600 ತಾಸು, ಮಾರಾಟ ₹5,17,000. ತಾಸಿಗೆ ₹75ರಂತೆ ಕೂಲಿ ₹1,95,000, ಬಟ್ಟೆ, ದಾರ, ಹೊಲಿಗೆ, ಫ್ರೇಮು ₹1,30,500, ಡಬ್ಬಿ ₹30,500. ಉಳಿಯುವ ₹1,61,000ದಲ್ಲೇ ಸ್ಯಾಂಪಲ್, ಓಡಾಟ, ಸಾಗಣೆ ಕಳೆಯಬೇಕು. ಮಿಕ್ಕ 88 ತಾಸು ಹಾಳಾದ ನಗಗಳನ್ನು ಮತ್ತೆ ಮಾಡಲು. ಅದನ್ನು ಯಾರಿಗೂ ಮಾರಕೂಡದು. ಸಾವಿರ ಡೈರಿ ಕೇಳಿ ಬಂದರೆ ಒಪ್ಪಿಕೊಳ್ಳಬೇಡಿ. ಕೊನೆಯ ಮುನ್ನೂರು ಅವಸರದ ಕೆಲಸವಾಗಿ ಹೊರಬೀಳುತ್ತದೆ.

ಯಾರ ಬಳಿ ಹೋಗುವುದು

ಒಂದೇ ಕಂಪನಿಯಲ್ಲಿ ಮೂರು ಬಾಗಿಲುಗಳಿವೆ. ನೌಕರರ ಉಡುಗೊರೆ ಎಚ್‌ಆರ್ ಕೈಯಲ್ಲಿ: ಸಂಖ್ಯೆ ಹೆಚ್ಚು, ದರ ಕಡಿಮೆ, ಅಲ್ಲಿಗೆ ಡೈರಿ, ಪೊಟ್ಲಿ. ಡೀಲರು, ದೊಡ್ಡ ಗಿರಾಕಿಗಳ ಉಡುಗೊರೆ ಮಾರ್ಕೆಟಿಂಗ್ ಅಥವಾ ಎಂಡಿ ಕಚೇರಿಯದು: ಫ್ರೇಮು ತೋರಿಸುವ ಜಾಗ ಅದು. ಪರ್ಚೇಸ್‌ನವರು ದರ ಇಳಿಸುವುದಕ್ಕೇ ಕುಳಿತವರು, ಅವರಲ್ಲಿಗೆ ಮೊದಲು ಹೋಗಬಾರದು.

ಬೇಲೂರು ಕೈಗಾರಿಕಾ ಪ್ರದೇಶ, ತಾರಿಹಾಳ, ಗೋಕುಲ ರಸ್ತೆ ಸೇರಿ 40 ಕಡೆ ಭೇಟಿ ಗುರಿ. ಹೊರಗಿನ ದೊಡ್ಡ ಕಂಪನಿಯ ಕಾರ್ಖಾನೆಯಾದರೆ ಮೊದಲ ಭೇಟಿಯಲ್ಲೇ ಕೇಳಿ: ಉಡುಗೊರೆ ನಿರ್ಧಾರ ಇಲ್ಲೋ, ಹೆಡ್ ಆಫೀಸಿನಲ್ಲೋ? ಅಲ್ಲಿಯಾದರೆ ಸ್ಯಾಂಪಲ್ ಜುಲೈ ಮೊದಲ ವಾರವೇ ಕೊರಿಯರ್ ಆಗಬೇಕು. ಆಸ್ಪತ್ರೆ, ಬ್ಯಾಂಕುಗಳ ಪ್ರಾದೇಶಿಕ ಕಚೇರಿ, ವಾಹನ ಶೋರೂಮು, ಪತ್ತಿನ ಸಹಕಾರಿ ಸಂಘಗಳಲ್ಲಿ ತೀರ್ಮಾನ ಬೇಗ, ಹಣವೂ ಬೇಗ. ಅರ್ಧ ಭೇಟಿಗಳು ಇವರಿಗೇ ಇರಲಿ.

ಸ್ಯಾಂಪಲ್ ತೋರಿಸುವ ಬಗೆ

ಮಷಿನ್ ಕಸೂತಿ ಮೂರನೇ ಒಂದು ದರಕ್ಕೆ ಸಿಗುತ್ತದೆ ಎಂಬ ಮಾತು ಬಂದೇ ಬರುತ್ತದೆ. ವಾದ ಬೇಡ. ಸ್ಯಾಂಪಲ್ ಡೈರಿ ಕವರಿನ ಅಸ್ತರನ್ನು ಒಂದು ಬದಿ ಹೊಲಿಯದೆ ಬಿಡಿ. "ಸರ್ರ, ಹಿಂದಿನ ಮಗ್ಗಲು ನೋಡ್ರಿ" ಎಂದು ತೆರೆದು ತೋರಿಸಿ. ಗವಂತಿ, ಮುರಗಿ ಹೊಲಿಗೆ ಎರಡೂ ಬದಿ ಒಂದೇ, ಎಲ್ಲೂ ಗಂಟಿಲ್ಲ. ಆದ್ದರಿಂದ ಸ್ಯಾಂಪಲ್ಲಿಗೆ ಈ ಎರಡೇ ಹೊಲಿಗೆ ಸಾಕು.

ಲೋಗೋ ಕೇಳುತ್ತಾರೆ. ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ದುಂಡನೆಯ ಅಕ್ಷರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಲೋಗೋ ಡಬ್ಬಿ ಮತ್ತು ಕಾರ್ಡಿನ ಮೇಲೆ ಮಾತ್ರ ಎಂದು ಕೊಟೇಶನ್ನಿನಲ್ಲೇ ಬರೆಯಿರಿ. ಧಾರವಾಡ ಕಸೂತಿಗೆ ಜಿಐ ಮಾನ್ಯತೆ ಇದ್ದರೂ, ಅಧಿಕೃತ ಬಳಕೆದಾರರ ನೋಂದಣಿ ಕೈಗೆ ಬರುವವರೆಗೆ ಆ ಲಾಂಛನವನ್ನು ಡಬ್ಬಿಗೆ ಹಾಕಬೇಡಿ.

ಕೊಟೇಶನ್ ಮತ್ತು ಹಣ

ಉಡುಗೊರೆಯಾಗಿ ಹಂಚುವ ಸಾಮಾನಿಗೆ ಕಂಪನಿಗೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ತೆರಿಗೆಯೂ ಅವರಿಗೆ ಖರ್ಚೇ. ಮೇಲಿನ ದರಗಳು ತೆರಿಗೆ ಬಿಟ್ಟು. ಕೊಟೇಶನ್ನಿನಲ್ಲಿ ತೆರಿಗೆ ಸೇರಿದ ಮೊತ್ತವನ್ನೂ ಕಾಣಿಸಿದರೆ ಆಮೇಲೆ ಚೌಕಾಶಿ ಏಳುವುದಿಲ್ಲ. ಜತೆಗೆ ಜಿಎಸ್‌ಟಿ ಪ್ರಮಾಣಪತ್ರ, ಪ್ಯಾನ್, ರದ್ದು ಮಾಡಿದ ಚೆಕ್ಕು, ಉದ್ಯಮ್ ಪ್ರಮಾಣಪತ್ರ ಲಗತ್ತಿಸಿ. ವೆಂಡರ್ ಕೋಡ್ ತೆರೆಯುವುದಕ್ಕೇ ಕೆಲವೆಡೆ ವಾರಗಟ್ಟಲೆ ಹಿಡಿಯುತ್ತದೆ.

ಕಂಪನಿಯ ಖರೀದಿ ಆದೇಶ, ಅಂದರೆ ಪಿಒ ಜತೆ ಅರ್ಧ ಮುಂಗಡ. ಪೂರ್ತಿ ಆರ್ಡರಿಗೆ ಅದು ₹2,58,500. ಖರ್ಚಿಗೆ ಇನ್ನೂ ₹97,500 ಕಡಿಮೆ ಬೀಳುತ್ತದೆ. ಅಷ್ಟನ್ನು ಜುಲೈಯಲ್ಲೇ ಹೊಂದಿಸಿಡಬೇಕು, ಏಕೆಂದರೆ ಕೂಲಿ ಪ್ರತಿ ಶನಿವಾರ ಕೊಡುವಂಥದ್ದು. ಬಾಕಿಗೆ 30 ದಿನ ಎಂದು ಪಿಒದಲ್ಲಿ ಬರೆಸಿ. ಸಣ್ಣ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಕಾಣುವಂತಿರಲಿ.

ದಿನಾಂಕಗಳು

ಜೂನ್ 30ಕ್ಕೆ ಸ್ಯಾಂಪಲ್ ಸಿದ್ಧ. ಜುಲೈ ಪೂರ್ತಿ ಭೇಟಿ. ದಸರಾ ಆರ್ಡರು ಜುಲೈ 31ಕ್ಕೆ, ದೀಪಾವಳಿಯದು ಆಗಸ್ಟ್ 20ಕ್ಕೆ ಮುಕ್ತಾಯ. ವಿಜಯದಶಮಿ ಅಕ್ಟೋಬರ್ 20–21ರ ಹೊತ್ತಿಗೆ ಇದೆ, ಆದರೆ ಕಾರ್ಖಾನೆಗಳಲ್ಲಿ ಹಂಚುವುದು ಆಯುಧ ಪೂಜೆಯ ಹೊತ್ತಿಗೆ; ಸಾಮಾನು ಅಕ್ಟೋಬರ್ 12ರೊಳಗೆ ಅವರ ಗೇಟಿನಲ್ಲಿರಬೇಕು. ದೀಪಾವಳಿ ನವೆಂಬರ್ 8, ತಲುಪಿಸುವುದು ಅಕ್ಟೋಬರ್ 26ರಿಂದ 29.

ಕೆಂಪು, ಕಪ್ಪು ದಾರದ ಪ್ರತಿ ಹೊಸ ಲಾಟನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ರಾತ್ರಿಯಿಡೀ ಸುತ್ತಿಟ್ಟು, ಬಣ್ಣ ಬಿಟ್ಟರೆ ವಾಪಸ್ ಕಳಿಸಿ. ಮಳೆಗಾಲದಲ್ಲಿ ಮುಗಿದ ನಗವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಡಬ್ಬಿ ತುಂಬುವುದು ಕೊನೆಯ ವಾರ. ಕಾರ್ಡಿಗೆ ಹೆಸರುಗಳ ಪಟ್ಟಿಯನ್ನು ಕಂಪನಿಯಿಂದ ಇಮೇಲಿನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಹೆಸರು ತಪ್ಪಾದರೆ ಮರುಮುದ್ರಣದ ಖರ್ಚು ನಮ್ಮ ತಲೆಗೇ ಬರುತ್ತದೆ.